ಮಳೆಗಾಲದ ಸೋಪಿಗೆ ಕ್ರಾಫ್ಟ್ ಪೇಪರ್: ನನ್ನ ಅನುಭವ

"ಮಳೆಗಾಲದಲ್ಲಿ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗ್ತದೆ, ನಿನ್ನ ಕಾಗದ ಉಳೀತದಾ?" ಅಂತ ಅತ್ತೆ ನಗುತ್ತಿದ್ದರು. ಸೋಪು ಮಾಡುವ ಗೆಳತಿಯರೂ ಅದನ್ನೇ ಹೇಳಿದ್ದರು. ಶಿರಸಿಯ ಜುಲೈ ತಿಂಗಳಲ್ಲಿ ಸೋಪಿಗೆ ಕಂದು ಕ್ರಾಫ್ಟ್ ಪೇಪರ್ ಸುತ್ತಿದರೆ ನಡೆಯುವುದಿಲ್ಲ, ಸುಮ್ನೆ ಪ್ಲಾಸ್ಟಿಕ್ ಶ್ರಿಂಕ್ ಹಾಕು ಅಂತ. ಪ್ಲಾಸ್ಟಿಕ್ ಬೇಡ ಅಂತಲೇ ಶುರು ಮಾಡಿದ ಬ್ರ್ಯಾಂಡಿಗೆ ಪ್ಲಾಸ್ಟಿಕ್ ಸುತ್ತುವುದು ಹೇಗೆ? ಮೂರು ಮಳೆಗಾಲ ಹಾಳಾದ ಮೇಲೆ ನಾಲ್ಕನೆಯದರಲ್ಲಿ ಗೆದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಬೆಂಗಳೂರಿನ ಒಂದು ಅಂಗಡಿಗೆ 200 ಬಾರ್ ಕಳಿಸಿದ್ದೆ. ಸುಮಾರು 140 ವಾಪಸ್ ಬಂದವು. ಕಾಗದದ ತುಂಬ ಕಲೆ, ಬೋಂಡಾ ಕಟ್ಟಿದ ಪೇಪರಿನ ಹಾಗೆ. ಕೊರಿಯರ್ ಖರ್ಚೂ ಸೇರಿ ಹದಿಮೂರು ಸಾವಿರದ ಹತ್ತಿರ ಹೋಯಿತು. ಎಣ್ಣೆ ಜಾಸ್ತಿಯಾಗಿದೆ ಅಂದುಕೊಂಡು ಸೂಪರ್‌ಫ್ಯಾಟ್ ಅಂದರೆ ಸೋಪಾಗದೆ ಉಳಿಯುವ ಎಣ್ಣೆಯ ಪಾಲನ್ನು ಶೇಕಡಾ ಎಂಟರಿಂದ ಐದಕ್ಕೆ ಇಳಿಸಿದೆ. ಮರುವರ್ಷವೂ ಕಲೆ. ಆಗ ಕೂತು ಒಂದೊಂದೇ ಕಾಗದ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಲೆ ಒಂದೇ ತರಹದ್ದಲ್ಲ, ಎರಡು ತರಹದ್ದು.

ಒಂದು ಬೆವರಿನ ಕಲೆ. ಸೋಪಿನೊಳಗಿನ ಗ್ಲಿಸರಿನ್ ಗಾಳಿಯ ತೇವ ಎಳೆದುಕೊಂಡು ಮೈಮೇಲೆ ಹನಿ ಕಟ್ಟುತ್ತದಲ್ವಾ, ಅದು. ಆ ಕಾಗದವನ್ನು ಒಲೆಯ ಹತ್ತಿರ ಇಟ್ಟರೆ ಕಲೆ ಬಹುಮಟ್ಟಿಗೆ ಹೋಗುತ್ತದೆ, ಕಾಗದ ಸುಕ್ಕು ಸುಕ್ಕಾಗಿ ಉಳಿಯುತ್ತದೆ. ಇನ್ನೊಂದು ಎಣ್ಣೆಯ ಕಲೆ. ಎಷ್ಟು ಒಣಗಿಸಿದರೂ ಹೋಗುವುದಿಲ್ಲ, ಅಲ್ಲಿ ಕಾಗದದ ಆಚೆ ಬೆಳಕು ಕಾಣುತ್ತದೆ, ಮೂಸಿದರೆ ಹಳೇ ಎಣ್ಣೆಯ ಕನರು ವಾಸನೆ. ಬಿಚ್ಚಿದರೆ ಸೋಪಿನ ಮೇಲೆ ಅದೇ ಜಾಗದಲ್ಲಿ ಕಿತ್ತಳೆ ಚುಕ್ಕೆ. ನಾನು ಎರಡು ವರ್ಷ ಎರಡು ರೋಗಕ್ಕೆ ಒಂದೇ ಮದ್ದು ಮಾಡುತ್ತಿದ್ದೆ.

ಎಣ್ಣೆಯ ಕಲೆಯನ್ನು ಬಿಡಿಸಿದ್ದು ಸುಲಭ. ದುಡ್ಡು ಉಳಿಸಲು ಮೂರರಲ್ಲಿ ಒಂದು ಪಾಲು ಸೂರ್ಯಕಾಂತಿ ಎಣ್ಣೆ ಹಾಕುತ್ತಿದ್ದೆ. ಬೇಗ ಕನರುವ ಎಣ್ಣೆ ಅದು. ಅದನ್ನು ಪೂರ್ತಿ ಬಿಟ್ಟೆ. ಈಗ ಒಂದು ಕಿಲೋ ಎಣ್ಣೆಗೆ ಕೊಬ್ಬರಿ ಎಣ್ಣೆ 450 ಗ್ರಾಂ, ಹಿಪ್ಪೆ ಎಣ್ಣೆ 250, ನಮ್ಮ ಕಡೆಯ ಮುರುಗಲು ತುಪ್ಪ 200, ಹರಳೆಣ್ಣೆ 100. ಸೂಪರ್‌ಫ್ಯಾಟ್ ನಾಲ್ಕು. ಕಾಸ್ಟಿಕ್ ಸೋಡಾ ಸುಮಾರು 150 ಗ್ರಾಂ ಬರುತ್ತದೆ, ನೀರು ಅದರ ಎರಡರಷ್ಟು. ನೀವು ನಿಮ್ಮ ಲೆಕ್ಕ ಮತ್ತೊಮ್ಮೆ ಹಾಕಿಕೊಳ್ಳಿ, ನನ್ನ ನೆನಪನ್ನು ನಂಬಿ ಕಾಸ್ಟಿಕ್ ತೂಗಬೇಡಿ. ಬಾವಿ ನೀರನ್ನೂ ಬಿಟ್ಟೆ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತರುತ್ತೇನೆ. ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಎಣ್ಣೆ ಇನ್ನೂ ಬೇಗ ಕನರುತ್ತದೆ. ಮುರುಗಲು ತುಪ್ಪದ ಬಗ್ಗೆ ಒಂದು ಮಾತು. ಎಣ್ಣೆ ತಣ್ಣಗಾದರೆ ಅದು ತಾನಾಗಿಯೇ ಹೆಪ್ಪುಗಟ್ಟಿ, ಎಣ್ಣೆ ಕಾಸ್ಟಿಕ್ ಕೂಡಿ ದಪ್ಪಗಾಗುವ ಟ್ರೇಸ್ ಹದ ಬಂದಂತೆ ಕಾಣುತ್ತದೆ. ಹಾಗೆ ಮೋಸಹೋಗಿ ಅಚ್ಚಿಗೆ ಸುರಿದು ಒಂದು ಬ್ಯಾಚ್ ಕಳೆದಿದ್ದೇನೆ. 45 ಡಿಗ್ರಿಗಿಂತ ಕೆಳಗೆ ಬಿಡಬೇಡಿ.

ಬೆವರಿನದ್ದು ಮಾತ್ರ ಜೀವ ತಿಂದಿತು. ಅಡಿಕೆ ಒಣಗಿಸುವ ನಮ್ಮ ಅಟ್ಟದಲ್ಲಿ, ಬಚ್ಚಲ ಒಲೆಯ ಮೇಲ್ಗಡೆ, ಮೂರು ವಾರ ಸೋಪು ಜೋಡಿಸಿಟ್ಟೆ. ಚೆನ್ನಾಗಿಯೇ ಒಣಗಿತು. ಆದರೆ ತುಳಸಿ ಸೋಪೂ ಲಾವಂಚದ ಸೋಪೂ ಒಂದೇ ಸಮ ಹೊಗೆ ನಾರುತ್ತಿದ್ದವು. 80 ಬಾರ್ ಈಗಲೂ ನಮ್ಮ ಮನೆಯಲ್ಲೇ ಕೈ ತೊಳೆಯಲು ಬಳಕೆಯಲ್ಲಿವೆ! ಆಮೇಲೆ ಹಳೇ ಕಪಾಟಿನೊಳಗೆ 60 ವ್ಯಾಟಿನ ಬಲ್ಬ್ ಹಾಕಿದೆ. ಬಲ್ಬಿನ ಹತ್ತಿರದ್ದು ಒಣಗಿತು, ಮೂಲೆಯದ್ದು ಬೆವರಿತು.

ಕೊನೆಗೆ ಒಂಬತ್ತು ಸಾವಿರ ಕೊಟ್ಟು ಗಾಳಿಯ ತೇವ ಹೀರುವ ಸೆಕೆಂಡ್ ಹ್ಯಾಂಡ್ ಡಿಹ್ಯುಮಿಡಿಫೈಯರ್ ತಂದೆ. ನಾಲ್ಕು ನೂರು ರೂಪಾಯಿಯ, ತೇವ ಅಳೆಯುವ ಮೀಟರ್ ಅದಕ್ಕಿಂತ ಮೊದಲೇ ತಂದಿದ್ದೆ. ಜುಲೈಯಲ್ಲಿ ಕೋಣೆಯ ತೇವ ಶೇಕಡಾ 88, 90 ತೋರಿಸುತ್ತಿತ್ತು. ಈಗ ಚಿಕ್ಕ ಕೋಣೆಯ ಬಾಗಿಲು ಕಿಟಕಿ ಮುಚ್ಚಿ 55ರ ಆಸುಪಾಸಿನಲ್ಲಿ ನಿಲ್ಲಿಸುತ್ತೇನೆ. ಕರೆಂಟ್ ಬಿಲ್ಲು ತಿಂಗಳಿಗೆ ಸಾವಿರ, ಸಾವಿರದ ಇನ್ನೂರು ಜಾಸ್ತಿ ಬರುತ್ತದೆ. ಯಜಮಾನರು ಬಿಲ್ಲು ನೋಡಿ ಏನೂ ಹೇಳುವುದಿಲ್ಲ, ಬಿಲ್ಲನ್ನು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ.

ಯಂತ್ರ ತಂದ ಮಾತ್ರಕ್ಕೆ ಆಗಲಿಲ್ಲ. ನಾಲ್ಕು ವಾರಕ್ಕೇ ಸುತ್ತಿಬಿಡುತ್ತಿದ್ದೆ. ಸೋಪು ಪೇಪರಿನೊಳಗೇ ನೀರು ಬಿಟ್ಟು ಸಣ್ಣಗಾಗುತ್ತಿತ್ತು. ಕಾಗದ ಸಡಿಲವಾಗಿ, ಅಲ್ಲಾಡಿಸಿದರೆ ಒಳಗೆ ಲೊಡಲೊಡ. ಲೇಬಲ್ ಮೇಲೆ 100 ಗ್ರಾಂ, ತೂಗಿದರೆ 94. ಅದು ಕಾನೂನಿನ ತಲೆನೋವು ಬೇರೆ. ಈಗ 116 ಗ್ರಾಂಗೆ ಕತ್ತರಿಸುತ್ತೇನೆ, ಎಂಟು ವಾರಕ್ಕೆ 102ಕ್ಕೆ ಬಂದು ನಿಲ್ಲುತ್ತದೆ. ಪ್ರತಿ ಬ್ಯಾಚಿನಲ್ಲಿ ಮೂರು ಸೋಪುಗಳಿಗೆ ಗುರುತು ಹಾಕಿ ಸೋಮವಾರ ಸೋಮವಾರ ತೂಗುತ್ತೇನೆ. ವಾರಕ್ಕೆ ಒಂದು ಗ್ರಾಂಗಿಂತ ಕಡಿಮೆ ಇಳಿದರೆ ಮಾತ್ರ ಮುಂದಿನ ಪರೀಕ್ಷೆ. ಸೋಪಿನ ಮೇಲೆ ಕ್ರಾಫ್ಟ್ ಪೇಪರಿನ ತುಂಡು ಹಾಕಿ, ಅದರ ಮೇಲೆ ಕುಟ್ಟಾಣಿ ಕಲ್ಲು ಇಟ್ಟು, ರಾತ್ರಿ ಬಿಡುವುದು. ಬೆಳಿಗ್ಗೆ ಕಾಗದ ಮೊದಲಿನಂತೆ ಗರಿಗರಿ ಇದ್ದರೆ ಆ ಬ್ಯಾಚ್ ಪಾಸ್.

ಕಾಗದದಲ್ಲೂ ಪೆಟ್ಟು ತಿಂದೆ. ದಪ್ಪ ಇದ್ದರೆ ಗಟ್ಟಿ ಅಂತ 120 ಜಿಎಸ್‌ಎಂ ತಂದೆ, ಮಡಿಕೆಯಲ್ಲಿ ಬಿರುಕು ಬಿಟ್ಟು ಬಾಯಿ ತೆರೆಯಿತು. 80 ಜಿಎಸ್‌ಎಂ ಮಾತು ಕೇಳುತ್ತದೆ. ಅಂಟಿಸಲು ಮೈದಾ ಗೋಂದು ಬಳಸಿದೆ, ಹಳ್ಳಿ ಹೆಂಗಸಿನ ಬುದ್ಧಿ ಅಂತ ಹೆಮ್ಮೆ ಬೇರೆ. ವಾರದೊಳಗೆ ಬೂಸಲು, ಅದರ ಹಿಂದೆ ಜಿರಳೆ. ಈಗ ಗೋಂದೇ ಇಲ್ಲ, ಮಡಿಕೆಯಲ್ಲೇ ನಿಲ್ಲುತ್ತದೆ, ಮೇಲೆ ಒಂದು ಸುತ್ತು ಹತ್ತಿ ದಾರ. ಆ ಮಡಿಕೆ ಹೇಗೆ ಅಂತ ಮಾತ್ರ ಕೇಳಬೇಡಿ, ಎರಡು ತಿಂಗಳು ನಿದ್ದೆಗೆಟ್ಟು ಕಂಡುಕೊಂಡದ್ದು. ಒಂದು ಸುತ್ತಿಗೆ ಕಾಗದ, ದಾರ ಸೇರಿ ಎರಡು ರೂಪಾಯಿ ಒಳಗೇ ಆಗುತ್ತದೆ.

ನಡುವೆ ಅಡಿಕೆ ಹಾಳೆಯ ಪೆಟ್ಟಿಗೆ ಮಾಡುವ ಹುಚ್ಚು ಹತ್ತಿತ್ತು. ನೋಡಲು ಭಾರಿ ಚೆಂದ. ಎರಡನೇ ವಾರ ಹಾಳೆಯ ಒಳಮೈಯಲ್ಲಿ ಹಸಿರು ಬೂಸಲು. ದಾಸವಾಳದ ಎಸಳು ಮೇಲೆ ಉದುರಿಸಿದ್ದೂ ಹಾಗೇ ಆಯಿತು. ಎಸಳು ಕಪ್ಪಾಗಿ ತೇವ ಹಿಡಿದು, ಕಾಗದಕ್ಕೆ ಚಹಾ ಚೆಲ್ಲಿದಂತೆ ಕಲೆ. ಈಗ ಮೇಲೆ ಏನೂ ಇಲ್ಲ. ಲಾವಂಚದ ಬೇರನ್ನು ಕೊಬ್ಬರಿ ಎಣ್ಣೆಯಲ್ಲೇ ನೆನೆಸಿಡುತ್ತೇನೆ, ಪುಡಿ ಹಾಕಿದರೆ ಮೈ ಕೆರೆಯುತ್ತದೆ. ತುಳಸಿ ಪುಡಿಯ ಹಸಿರು ಹೇಗೂ ತಿಂಗಳೊಳಗೆ ಕಂದು ಆಗುತ್ತದೆ. ಹಸಿರಾಗಿಯೇ ಉಳಿಯುತ್ತದೆ ಅಂತ ಮಾರುವವರನ್ನು ನಾನು ನಂಬುವುದಿಲ್ಲ, ಒಳಗೆ ಬಣ್ಣ ಇರುತ್ತದೆ. ಕಂದು ಸೋಪು ಕಂದು ಕಾಗದಕ್ಕೆ ಒಪ್ಪುತ್ತದೆ.

ಹೋದ ಜುಲೈಯಲ್ಲಿ ಸುಮಾರು 300 ಬಾರ್ ಹೊರಗೆ ಹೋದವು. ವಾಪಸ್ ಬಂದದ್ದು ನಾಲ್ಕು. ಅವೂ ಕಲೆಗಾಗಿ ಅಲ್ಲ, ದಾರಿಯಲ್ಲಿ ಮೂಲೆ ಜಜ್ಜಿದ್ದಕ್ಕೆ. ಒಂದು ಬಾರನ್ನು ಕಾಗದ ಸಮೇತ ಅತ್ತೆಯ ಹಪ್ಪಳದ ಡಬ್ಬಿಯ ಪಕ್ಕ ಆಗಸ್ಟ್ ತನಕ ಇಟ್ಟಿದ್ದೆ. ಅವರು ಅದನ್ನು ಎರಡು ಸಲ ಎತ್ತಿ ನೋಡಿ, ಮೂಸಿ, ಅಲ್ಲೇ ಇಟ್ಟರು. ಏನೂ ಹೇಳಲಿಲ್ಲ.