ಮೂರು ತಿಂಗಳು ಮೂರು ವರ್ಷವಾದಾಗ

ಅಮ್ಮನ ಪಿತ್ತಕೋಶದ ಕಲ್ಲಿನ ಆಪರೇಷನ್‌ಗೆ ನಾಲ್ಕು ದಿನ ಇರುವಾಗ ವಿಮಾ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ದುಡ್ಡು ಕಟ್ಟುವ ಕ್ಯಾಶ್‌ಲೆಸ್ ರಿಜೆಕ್ಟ್ ಆಯಿತು. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನ ಹುಡುಗ, "ಸರ್, ದುಡ್ಡು ಕಟ್ಬಿಡಿ, ಆಮೇಲೆ ರಿಇಂಬರ್ಸ್‌ಮೆಂಟ್‌ಗೆ ಹಾಕ್ಕೊಳ್ಳಿ" ಅಂದ. ಆ ದಾರಿ ಇದ್ದೇ ಇದೆ, ಕ್ಯಾಶ್‌ಲೆಸ್ ಕೊಡದಿದ್ದ ಮಾತ್ರಕ್ಕೆ ಕ್ಲೇಮ್ ಸತ್ತಂತಲ್ಲ. ಆದರೆ ರಿಜೆಕ್ಟ್ ಮಾಡಿದ ಕಾರಣ ಸರಿಪಡಿಸದಿದ್ದರೆ ಆಮೇಲೂ ಅದೇ ಕಾರಣ ಎದುರಿಗೆ ಬಂದು ನಿಲ್ಲುತ್ತದೆ.

ಪತ್ರದಲ್ಲಿದ್ದ ಕಾರಣ: ಕಾಯಿಲೆ ಪಾಲಿಸಿಗಿಂತ ಹಳೆಯದು, ಅಂಥ ಕಾಯಿಲೆಗೆ ಕ್ಲೇಮ್ ಸಿಗದ ಮೂರು ವರ್ಷದ ಕಾಯುವ ಅವಧಿ ಮುಗಿದಿಲ್ಲ. ನಮ್ಮ ಪಾಲಿಸಿ ಶುರುವಾದದ್ದು 2022ರ ಆಗಸ್ಟ್‌ನಲ್ಲಿ, ಆಗ 2025ರ ಮಾರ್ಚ್. ಪಿತ್ತಕೋಶದ ಕಲ್ಲಿಗೆಂದೇ ಇದ್ದ ಎರಡು ವರ್ಷದ ಅವಧಿ ದಾಟಿತ್ತು. ಹಾಗಾದರೆ 'ಹಳೆಯದು' ಅನ್ನುವ ಮಾತು ಎಲ್ಲಿಂದ ಬಂತು?

ಕ್ಯಾಶ್‌ಲೆಸ್‌ಗೆ ಮುಂಗಡ ಒಪ್ಪಿಗೆ ಕೇಳಿ ಆಸ್ಪತ್ರೆ ಕಂಪನಿಗೆ ಕಳಿಸಿದ್ದ ಪ್ರೀ-ಆಥ್ ಫಾರಂನ ನಕಲನ್ನು ಡೆಸ್ಕಿನಲ್ಲಿ ಕೇಳಿ ಪಡೆದೆ. 'ತೊಂದರೆ ಎಷ್ಟು ಕಾಲದಿಂದ' ಎಂಬಲ್ಲಿ ಮೂರು ವರ್ಷ ಎಂದು ಬರೆದಿತ್ತು. ಓಪಿಡಿ ಚೀಟಿಯಲ್ಲಿ ಡಾಕ್ಟರು ಬರೆದದ್ದು 3/12. ವೈದ್ಯರ ಲೆಕ್ಕದಲ್ಲಿ ಅದು ಮೂರು ತಿಂಗಳು. ವಾರವಾಗಿದ್ದರೆ 3/52, ದಿನವಾಗಿದ್ದರೆ 3/7. ಫಾರಂ ತುಂಬಿದವರಿಗೆ ಅದು ಹೊಳೆದಿರಲಿಲ್ಲ. ಅಷ್ಟೇ ಕಥೆ.

ಡಾಕ್ಟರನ್ನು ಕಂಡು, ಅವರ ಲೆಟರ್‌ಹೆಡ್ಡಿನಲ್ಲಿ ಸಹಿ, ಸೀಲು, ನೋಂದಣಿ ಸಂಖ್ಯೆ ಸಮೇತ, 3/12 ಅಂದರೆ ಮೂರು ತಿಂಗಳು ಎಂದು ಎರಡು ಸಾಲು ಬರೆಸಿಕೊಂಡೆ. ಇನ್ನೂ ಗಟ್ಟಿ ಸಾಕ್ಷಿ ಮನೆಯ ಕಪಾಟಿನಲ್ಲೇ ಇತ್ತು: 2023ರ ಡಿಸೆಂಬರ್‌ನ ಹೆಲ್ತ್ ಚೆಕಪ್‌ನ ಹೊಟ್ಟೆ ಸ್ಕ್ಯಾನ್, ಪಿತ್ತಕೋಶ ನಾರ್ಮಲ್ ಅಂತ. ಪಾಲಿಸಿ ಶುರುವಾಗಿ ವರ್ಷ ಕಳೆದ ಮೇಲೂ ಕಲ್ಲಿರಲಿಲ್ಲ. ಹಳೆ ರಿಪೋರ್ಟುಗಳನ್ನು ರದ್ದಿಗೆ ಹಾಕಲು ಬಿಡದ ಅಮ್ಮನನ್ನು ಎಷ್ಟು ಸಲ ಬೈದಿದ್ದೆನೋ!

ಒಂದೇ ಪತ್ರ ಬರೆದು ಕಂಪನಿಗೂ ಡೆಸ್ಕಿಗೂ ಒಟ್ಟಿಗೆ ಕಳಿಸಿದೆ. ಮೇಲೆ ಪಾಲಿಸಿ ನಂಬರು, ಪ್ರೀ-ಆಥ್ ನಂಬರು, ಆಪರೇಷನ್ ದಿನಾಂಕ. ನಡುವೆ ಇಷ್ಟು:

"ಫಾರಂನಲ್ಲಿ ಮೂರು ವರ್ಷ ಎಂದಿರುವುದು ಬರವಣಿಗೆಯ ತಪ್ಪು, ಮೂಲ ಚೀಟಿಯಲ್ಲಿ ಮೂರು ತಿಂಗಳು ಎಂದಿದೆ. ವೈದ್ಯರ ಸ್ಪಷ್ಟೀಕರಣ ಮತ್ತು 2023ರ ಸ್ಕ್ಯಾನ್ ಲಗತ್ತಿಸಿದೆ. ದಯವಿಟ್ಟು ಮರುಪರಿಶೀಲಿಸಿ. ಮತ್ತೆ ನಿರಾಕರಿಸುವುದಾದರೆ ಪಾಲಿಸಿಯ ಯಾವ ಷರತ್ತಿನಡಿ ಎಂದು ಲಿಖಿತವಾಗಿ ತಿಳಿಸಿ."

ಕೊನೆಯ ವಾಕ್ಯ ಬೆದರಿಕೆಯಲ್ಲ. ಷರತ್ತನ್ನು ಹೆಸರಿಸಿಯೇ ತಿರಸ್ಕರಿಸಬೇಕು ಎಂದು ವಿಮಾ ಕಂಪನಿಗಳ ನಿಯಂತ್ರಕ ಐಆರ್‌ಡಿಎಐಯ 2024ರ ಮೇ ಸುತ್ತೋಲೆ ಹೇಳುತ್ತದೆ. ನನ್ನ ಮೊದಲ ಕರಡಿನಲ್ಲಿ ಅಮ್ಮನ ನೋವು, ನಮ್ಮ ಅಲೆದಾಟ ಎಲ್ಲ ಒಂದು ಪುಟವಿತ್ತು, ಅಳಿಸಿದೆ. ಅದನ್ನು ಓದುವ ಕಂಪನಿಯ ಡಾಕ್ಟರಿಗೆ ಬೇಕಾದದ್ದು ತಾರೀಖು.

ಪತ್ರ ಕಳಿಸಿ ಸುಮ್ಮನಾಗಿದ್ದರೆ ಕೆಲಸ ಕೆಡುತ್ತಿತ್ತು. ತಿದ್ದಿದ ಫಾರಂ ಆಸ್ಪತ್ರೆಯ ಕಡೆಯಿಂದಲೇ ಹೋಗಬೇಕು. ಡೆಸ್ಕಿನ ಮುಂದೆ ಕೂತು, ಹುಡುಗ ಅಪ್‌ಲೋಡ್ ಮಾಡುವವರೆಗೂ ಏಳಲಿಲ್ಲ. ಮರುದಿನ ಸಂಜೆ ಒಪ್ಪಿಗೆ ಬಂತು, 90,000ದ ಅಂದಾಜಿಗೆ ಮೊದಲ ಕಂತು 65,000. ಉಳಿದದ್ದನ್ನು ಡಿಸ್ಚಾರ್ಜ್ ದಿನ ಆಸ್ಪತ್ರೆಯವರು ಅಂತಿಮ ಬಿಲ್ಲಿನೊಂದಿಗೆ ಕಂಪನಿಯನ್ನು ಕೇಳಿದರು. ಗ್ಲೌಸು, ಸಿರಿಂಜಿನಂಥವನ್ನು ಬಿಟ್ಟು ಮಿಕ್ಕದ್ದು ಬಂತು.