ಕೆಂಪು ದೀಪದ ಜೊತೆಗೆ ಆರ್‌ಪಿಎಂ ಮುಳ್ಳೂ ಫೋಟೊದಲ್ಲಿರಲಿ

ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ಆನ್ ಮಾಡಿದಾಗ ಆಯಿಲ್, ಬ್ಯಾಟರಿ, ಎಂಜಿನ್ ದೀಪಗಳು ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಆದ್ದರಿಂದ ಕಾರು ಕೆಟ್ಟು ನಿಂತ ಮೇಲೆ ಕೀಲಿ ತಿರುಗಿಸಿ ತೆಗೆದ ಫೋಟೊ, ವಿಮೆ ಇಲ್ಲವೇ ವಾರಂಟಿ ಕೇಳುವಾಗ ದೋಷವಿತ್ತು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಎಂಜಿನ್ ತಿರುಗುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಸೊನ್ನೆಯಿಂದ ಮೇಲಿರುವಾಗಲೇ ದೀಪ ಉರಿಯುತ್ತಿರುವುದು ಫೋಟೊದಲ್ಲಿ ಕಾಣಬೇಕು.

ಮಳೆಗಾಲದಲ್ಲಿ ಹೊಸನಗರದಿಂದ ಹುಲಿಕಲ್ ಘಾಟಿ ಇಳಿಯುತ್ತಿದ್ದಾಗ, ರಸ್ತೆಗೆ ಉರುಳಿದ್ದ ಕಲ್ಲೊಂದು ನನ್ನ ಕಾರಿನ ಎಂಜಿನ್ ಕೆಳಗಿನ ಎಣ್ಣೆತೊಟ್ಟಿಯಾದ ಆಯಿಲ್ ಸಂಪ್‌ಗೆ ಬಡಿಯಿತು. ತಿರುವು ದಾಟುವಷ್ಟರಲ್ಲಿ ಎಣ್ಣೆಡಬ್ಬಿಯ ಗುರುತಿನ ಕೆಂಪು ದೀಪ ಹೊತ್ತಿತು. ಪಕ್ಕದಲ್ಲಿದ್ದ ತಮ್ಮನಿಗೆ, 'ಕಿಲೋಮೀಟರೂ ಕಾಣುವ ಹಾಗೆ ಒಂದು ಫೋಟೊ ತೆಗೆ' ಎಂದು ಹೇಳುತ್ತಲೇ ನಾನು ಗಾಡಿಯನ್ನು ಅಂಚಿಗೆ ತಂದು, ನಿಲ್ಲಿಸಿದೊಡನೆ ಎಂಜಿನ್ ಆರಿಸಿದೆ. ಈ ದೀಪ ಉರಿಯುವಾಗ ಫೋಟೊಗೆಂದು ಎಂಜಿನ್ ಓಡಿಸುತ್ತಿರಬಾರದು. ಎಣ್ಣೆಯ ಒತ್ತಡವಿಲ್ಲದೆ ಬೇರಿಂಗ್‌ಗಳು ಬೇಗನೆ ಹಾಳಾಗುತ್ತವೆ. ಒಬ್ಬರೇ ಇದ್ದರೆ ದೀಪದ ಫೋಟೊವನ್ನು ಬಿಟ್ಟುಬಿಡುವುದೇ ಸರಿ.

ಫೋಟೊದಲ್ಲಿ ಓಡೋಮೀಟರ್ 41,286 ತೋರಿಸುತ್ತಿತ್ತು. ನನ್ನ ಕ್ಲೇಮಿಗೆ ದೀಪಕ್ಕಿಂತಲೂ ಆಧಾರವಾದದ್ದು ಈ ಅಂಕಿಯೇ. ಸಾಮಾನ್ಯ ವಾಹನ ವಿಮೆಯು ಕಲ್ಲು ಬಡಿದು ಒಡೆದ ಸಂಪನ್ನು ಅಪಘಾತದ ಹಾನಿಯೆಂದು ಒಪ್ಪುತ್ತದೆಯೇ ಹೊರತು, ದೀಪ ಹೊತ್ತಿದ ಮೇಲೂ ಓಡಿಸಿ ಎಂಜಿನ್ ಜಾಮ್ ಆದರೆ ಅದನ್ನು ನಂತರದ ಹಾನಿಯೆಂದು ಹೊರಗಿಡುತ್ತದೆ. ಅದಕ್ಕೆ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಬೇಕು. ನಾನು ಅಲ್ಲಿಯೇ ನಿಲ್ಲಿಸಿದೆ ಎಂಬುದನ್ನು ತೋರಿಸಬೇಕಿತ್ತು. ಟೋಯಿಂಗ್ ಗಾಡಿಗೆ ಏರಿಸುವಾಗ ಓಡೋಮೀಟರಿನ ಫೋಟೊವನ್ನು ಮತ್ತೊಮ್ಮೆ ತೆಗೆದು, ವರ್ಕ್‌ಶಾಪಿನ ಜಾಬ್ ಕಾರ್ಡಿನಲ್ಲಿಯೂ ಅದೇ ಅಂಕಿಯನ್ನು 'ಎಳೆದು ತಂದದ್ದು' ಎಂಬ ಮಾತಿನೊಂದಿಗೆ ಬರೆಸಿದೆ.

ಕಲ್ಲು, ಸಂಪಿನ ಬಿರುಕು, ರಸ್ತೆಯಲ್ಲಿ ಹರಿದ ಎಣ್ಣೆಯ ಗೆರೆ, ಇವುಗಳ ಫೋಟೊಗಳನ್ನು ಮಳೆಗೆ ತೊಳೆದುಹೋಗುವ ಮೊದಲೇ ತೆಗೆದುಕೊಂಡೆವು. ಅಲ್ಲಿ ಸಿಗ್ನಲ್ ಇರಲಿಲ್ಲ. ಆದರೂ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಆಗಿದ್ದುದರಿಂದ ಸ್ಥಳವೂ ಸಮಯವೂ ಫೋಟೊಗಳಲ್ಲಿ ದಾಖಲಾದವು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಕಳಿಸಿದ ಫೋಟೊದಲ್ಲಿ ಆ ವಿವರ ಉಳಿಯುವುದಿಲ್ಲವಾದ್ದರಿಂದ, ಹಾನಿ ಪರಿಶೀಲಿಸುವ ವಿಮಾ ಸರ್ವೇಯರಿಗೆ ಅವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದೆ. ಸಮಯ, ಕೇಳಿಸಿದ ಸದ್ದು, ಯಾವ ಬಣ್ಣದ ದೀಪ, ಎಂಜಿನ್ ಆರಿಸಿದ್ದು ಯಾವಾಗ ಎಂಬುದನ್ನು ಅಲ್ಲಿಯೇ ಕುಳಿತು ಚೀಟಿಯಲ್ಲಿ ಬರೆದಿಟ್ಟೆ. ಸರ್ವೇಯರ್ ನೋಡುವವರೆಗೆ ಸಂಪನ್ನು ಬಿಚ್ಚಲು ಬಿಡಲಿಲ್ಲ. ಸಂಪಿನ ಹಣ ಬಂತು. ಹೊಸ ಎಣ್ಣೆಯ ಖರ್ಚು ನನ್ನದೇ ಆಯಿತು.

ವಾರಂಟಿಯ ವಿಷಯದಲ್ಲಿ ನಾನು ಹೆಚ್ಚು ಎಚ್ಚರ ವಹಿಸುವುದು ಹಳದಿ ಎಂಜಿನ್ ದೀಪದ ಬಗ್ಗೆ. ಅದು ಹೊತ್ತಿದ ಕ್ಷಣದ ವೇಗ, ಆರ್‌ಪಿಎಂ, ಶಾಖ ಮುಂತಾದವು ದೋಷದ ಕೋಡಿನೊಂದಿಗೆ ಕಾರಿನ ಕಂಪ್ಯೂಟರಿನಲ್ಲಿ ಉಳಿದಿರುತ್ತವೆ. ಮೆಕ್ಯಾನಿಕ್ ಕೋಡ್ ಅಳಿಸಿದರೆ ಅವೂ ಅಳಿಸಿಹೋಗುತ್ತವೆ. ಬ್ಯಾಟರಿ ತಂತಿ ಕಳಚಿದರೂ ಕೆಲವು ಗಾಡಿಗಳಲ್ಲಿ ಹಾಗೆಯೇ ಆಗುತ್ತದೆ. ಅದಕ್ಕಾಗಿ ದಾರಿಯಲ್ಲಿ ಯಾರಿಗೂ ಬ್ಯಾಟರಿ ಮುಟ್ಟಲು ಬಿಡದೆ, ಸ್ಕ್ಯಾನ್ ವರದಿಯ ಪ್ರತಿ ಕೈಗೆ ಬಂದ ಮೇಲಷ್ಟೇ ಕೆಲಸ ಶುರು ಮಾಡಲು ಹೇಳುತ್ತೇನೆ.