ಲ್ಯಾಪ್‌ಟಾಪ್ ಗೋಡೆ ಕಡೆ ತಿರುಗಿಸಿದ ಮೇಲೆ

ರಾಜಾಜಿನಗರದ ನಮ್ಮ ಮನೆ ಮಹಡಿಯಲ್ಲಿ ಎಂಟು ವರ್ಷ ಯೋಗ ಹೇಳಿಕೊಟ್ಟಿದ್ದೇನೆ. ಅಲ್ಲಿ ಏನೂ ಬರೆದುಕೊಂಡಿರಲಿಲ್ಲ. "ಹೀಗೆ" ಅಂತ ಮಾಡಿ ತೋರಿಸಿದರೆ ಮುಗೀತು. ಆನ್‌ಲೈನ್ ಕ್ಲಾಸ್ ಶುರು ಮಾಡುವಾಗ ಮಾತ್ರ, ಒಂದು ಗಂಟೆ ಅವಧಿಯ ಮೊದಲ ಲೈವ್ ಕ್ಲಾಸಿನಲ್ಲಿ ಹೇಳಬೇಕಾದ್ದನ್ನು ಎರಡು ಪುಟ ಬರೆದು ನಮ್ಮತ್ತೆಯವರ ಮೇಲೆ ಪ್ರಯೋಗ ಮಾಡಿದೆ. ಅವರು ಹಾಲ್‌ನಲ್ಲಿ ಲ್ಯಾಪ್‌ಟಾಪ್ ಮುಂದೆ, ನಾನು ರೂಮಿನಲ್ಲಿ.

ಸೂರ್ಯನಮಸ್ಕಾರದ ಪರ್ವತಾಸನದಲ್ಲೇ ಎಡವಟ್ಟಾಯಿತು. ತಲೆ ಕೆಳಗೆ, ಸೊಂಟ ಮೇಲೆ. ಆಗ ಪರದೆ ಕಾಣೋದೇ ಇಲ್ಲ ಅಲ್ವಾ? ನಾನು "ಈ ಕಾಲು ಮುಂದೆ ತನ್ನಿ, ನನ್ನ ಹಾಗೆ" ಅಂದೆ. ಯಾವ ಕಾಲು ಅಂತ ನೋಡೋಕೆ ಅತ್ತೆ ಕತ್ತು ತಿರುಚಿ ಮೇಲೆತ್ತಿದರು. ಮೈಭಾರ ಕೈ ಮೇಲಿರುವಾಗ ಹಾಗೆ ಮಾಡಿದರೆ ಕತ್ತು ಹಿಡಿದುಕೊಳ್ಳುತ್ತೆ. ಸಂಜೆವರೆಗೂ ಅವರು ಕತ್ತು ಉಜ್ಜಿಕೊಳ್ಳುತ್ತಲೇ ಇದ್ದರು.

ಮಾರನೇ ದಿನ ಅವರ ಲ್ಯಾಪ್‌ಟಾಪನ್ನು ಗೋಡೆ ಕಡೆ ತಿರುಗಿಸಿದೆ. ನನ್ನ ದನಿ ಮಾತ್ರ ಕೇಳಬೇಕು. "ಹೀಗೆ", "ಇಲ್ಲಿ", "ನನ್ನ ಹಾಗೆ" ಅಂದಲ್ಲೆಲ್ಲ ಅತ್ತೆ ಗಕ್ಕನೆ ನಿಂತರು. ಅವಷ್ಟನ್ನೂ ಹೊಡೆದುಹಾಕಿದೆ. ಈಗ ಪ್ರತಿ ಸಾಲಿನಲ್ಲೂ ಮೊದಲು ಉಸಿರು, ಆಮೇಲೆ ಯಾವ ಕಾಲು ಅಥವಾ ಕೈ, ಕೊನೆಗೆ ಎಲ್ಲಿಗೆ. "ಉಸಿರು ಎಳೆದುಕೊಳ್ಳುತ್ತಾ, ಬಲಗಾಲನ್ನು, ಎರಡು ಕೈಗಳ ನಡುವೆ ತಂದಿಡಿ. ಎಡ ಮಂಡಿ ನೆಲಕ್ಕೆ. ಈಗ ಎದುರಿಗೆ ನೋಡಿ." ಬಗ್ಗುವ ಮುಂಚೆಯೇ ಇನ್ನೊಂದು ಮಾತು: "ತಲೆ ಕೆಳಗಿರುವಾಗ ಪರದೆ ನೋಡಬೇಡಿ, ಕಿವಿ ಕೊಟ್ಟರೆ ಸಾಕು."

ಬಲ-ಎಡದ ಗೋಜು ಬೇರೆ. ಜೂಮ್‌ನಲ್ಲಿ ನಮ್ಮ ಚಿತ್ರ ನಮಗೆ ಕನ್ನಡಿಯಲ್ಲಿದ್ದ ಹಾಗೆ ಕಾಣುತ್ತೆ, ನೋಡುವವರಿಗೆ ಹಾಗಲ್ಲ. ಎದುರು ನಿಂತು ನಾನು ಬಲಗೈ ಎತ್ತಿದರೆ ಅವರಿಗೆ ಪರದೆಯ ಎಡಗಡೆ ಕಾಣುತ್ತೆ. ಅದಕ್ಕೇ ತ್ರಿಕೋನಾಸನದಲ್ಲಿ ಬಾಯಲ್ಲಿ "ಬಲ" ಅನ್ನುತ್ತಾ ನಾನು ಎಡಕ್ಕೆ ಬಾಗುತ್ತೇನೆ. ಸ್ಕ್ರಿಪ್ಟ್‌ನಲ್ಲಿ ಅದನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ, ಇಲ್ಲದಿದ್ದರೆ ನನಗೇ ಗೊಂದಲ ಆಗುತ್ತೆ.

ಬಿಪಿ, ಡಿಸ್ಕ್ ತೊಂದರೆ, ಆಪರೇಷನ್ ವಿಷಯ ಕ್ಲಾಸಿನ ಶುರುವಿನಲ್ಲಿ ಕೇಳೋಣ ಅಂದುಕೊಂಡಿದ್ದೆ. ಅದು ತಪ್ಪು, ಹಿಂದಿನ ದಿನವೇ ಕೇಳಬೇಕು. ಮೊದಲ ಕ್ಲಾಸಿನ ದಿನ, ಶುರುವಾಗುವ ಆರು ಗಂಟೆಗೆ ಸರಿಯಾಗಿ ಒಬ್ಬರು ಚಾಟ್‌ನಲ್ಲಿ ಗ್ಲಾಕೋಮ ಇದೆ ಅಂತ ಬರೆದರು. ತಲೆ ಕೆಳಗೆ ಮಾಡಿದರೆ ಕಣ್ಣಿನ ಒತ್ತಡ ಏರುತ್ತೆ. ಅವರಿಗಾಗಿ ನನ್ನ ಹತ್ತಿರ ಒಂದು ಸಾಲೂ ಇರಲಿಲ್ಲ. ಕುರ್ಚಿಯಲ್ಲಿ ಕೂತು ಕೈಗಳನ್ನಷ್ಟೇ ಆಡಿಸಿ ಅಂದೆ.

ಶವಾಸನಕ್ಕೆ ನಾಲ್ಕು ನಿಮಿಷ ಮೌನ ಅಂತ ಬರೆದಿದ್ದೆ. ನಾನು ಸುಮ್ನಾದ ಅರ್ಧ ನಿಮಿಷಕ್ಕೇ ಇಬ್ಬರು ಎದ್ದು ಕೂತು ಸ್ಕ್ರೀನ್ ಒತ್ತತೊಡಗಿದರು, ಒಬ್ಬರಂತೂ ಹೊರಗೆ ಹೋಗಿ ಮತ್ತೆ ಬಂದರು. ಎರಡನೇ ಕ್ಲಾಸಿಗೆ ಒಂದು ಸಾಲು ಸೇರಿಸಿದೆ: "ಇನ್ನು ನಾಲ್ಕು ನಿಮಿಷ ನಾನು ಮಾತಾಡಲ್ಲ. ನೆಟ್ ಹೋಗಿಲ್ಲ, ಇಲ್ಲೇ ಇದ್ದೀನಿ."